ಇಪ್ಪತ್ತು ಅಂಕಗಳ ಪತ್ರ

ಪೋಷಕರಿಗೆ ಒಂದು ಪತ್ರ ಬರೆದುಕೊಡಿ ಎಂದು ಪ್ರಾಂಶುಪಾಲರು ನನ್ನನ್ನು ಕರೆದಾಗ, ನನಗೆ ಮೊದಲು ಬಂದ ಯೋಚನೆ ಒಂದೇ. ಇದರ ಹಿಂದೆ ಯಾರೋ ಇದ್ದಾರೆ.

ನಾನು ಹುಣಸೂರಿನ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಲ್ಲಿ ಒಂದು ವಿಷಯಕ್ಕೆ ನೂರು ಅಂಕ. ಎಂಬತ್ತು ಸೆಮಿಸ್ಟರ್ ಕೊನೆಯ ಪರೀಕ್ಷೆಗೆ, ಉಳಿದ ಇಪ್ಪತ್ತು ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತನ್ನು ಕಾಲೇಜಿನಲ್ಲಿ ನಾವೇ ಹಾಕಿ ವಿಶ್ವವಿದ್ಯಾಲಯದ ಪೋರ್ಟಲ್‌ಗೆ ತುಂಬಬೇಕು. ಎಂಬತ್ತರ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ; ಆ ಉತ್ತರಪತ್ರಿಕೆ ಎಲ್ಲಿಗೋ ಹೋಗುತ್ತದೆ, ಯಾರೋ ನೋಡುತ್ತಾರೆ. ಇಪ್ಪತ್ತರ ಬಗ್ಗೆ ಎಲ್ಲರಿಗೂ ಅನುಮಾನ, ಏಕೆಂದರೆ ಅದನ್ನು ಹಾಕುವ ಕೈ ಎದುರಿಗೇ ಕಾಣುತ್ತದೆ.

ಆ ಸೆಮಿಸ್ಟರ್‌ನಲ್ಲಿ ನಾನು ಎರಡನೇ ವರ್ಷದ ಬಿ.ಎ. ತರಗತಿಯ ಇಪ್ಪತ್ತರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದೆ. ರಿಜಿಸ್ಟರ್ ನಂಬರ್, ಎದುರಿಗೆ ಒಟ್ಟು ಅಂಕ, ಅಷ್ಟೇ. ಮರುದಿನದಿಂದಲೇ ಗುಸುಗುಸು ಶುರುವಾಯಿತು. ಮುಂದಿನ ಬೆಂಚಿನವರಿಗೆ ಜಾಸ್ತಿಯಂತೆ. ಮೇಡಂ ಊರಿನ ಕಡೆಯವರಿಗೆ ಜಾಸ್ತಿಯಂತೆ. ನಮ್ಮೂರು ಕೆ.ಆರ್. ನಗರದ ಕಡೆ, ನಾಲೆ ನೀರಿನ ಭತ್ತದ ಊರು. ಆ ತರಗತಿಯಲ್ಲಿ ಆ ಕಡೆಯ ವಿದ್ಯಾರ್ಥಿಗಳು ಇದ್ದದ್ದೇ ಇಬ್ಬರು. ಅವರಲ್ಲಿ ಒಬ್ಬನಿಗೆ ಬಂದದ್ದು ಒಂಬತ್ತು. ಅದನ್ನು ಯಾರಿಗೆ ಹೇಳಲಿ? ವಾರದೊಳಗೆ ಮೂರು ಜನ ಪೋಷಕರು ಪ್ರಾಂಶುಪಾಲರ ಕೊಠಡಿಗೆ ಬಂದು ಹೋದರು.

"ಮೇಡಂ, ಕ್ವಿಜ್ ಎಷ್ಟು, ಅಸೈನ್‌ಮೆಂಟ್ ಎಷ್ಟು, ಲೆಕ್ಕ ಹೆಂಗೆ ಅಂತ ಎಲ್ಲ ವಿವರವಾಗಿ ಒಂದು ಕಾಗದ ಬರೆದುಬಿಡಿ," ಎಂದರು ಪ್ರಾಂಶುಪಾಲರು. "ಕನ್ನಡದಲ್ಲೇ ಬರೀರಿ. ಎಲ್ಲರ ಮನೆಗೂ ಹೋಗ್ಲಿ. ಓದ್ಕಂಡು ಸುಮ್ಮನಾಗ್ತಾರೆ."

"ಯಾರು ಸಾರ್ ಇವರನ್ನ ಕಳಿಸ್ತಿರೋದು?" ಎಂದು ಕೇಳಿದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. "ಅದೇ ನನಗೂ ಅನುಮಾನ. ಸ್ಟಾಫ್ ರೂಮಲ್ಲಿ ಮಾತಾಡುವಾಗ ಸ್ವಲ್ಪ ನೋಡ್ಕೊಂಡು ಮಾತಾಡಿ."

ಆ ಒಂದು ಮಾತು ಸಾಕಾಯಿತು. ಆವತ್ತಿನಿಂದ ನಾನು ಅಂಕಗಳ ರಿಜಿಸ್ಟರ್ ಅನ್ನು ಮೇಜಿನ ಮೇಲೆ ಬಿಡುವುದನ್ನು ನಿಲ್ಲಿಸಿದೆ. ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಬ್ಯಾಗಿನಲ್ಲಿಟ್ಟುಕೊಂಡೆ. ಹನ್ನೆರಡು ವರ್ಷ ಒಟ್ಟಿಗೆ ಟೀ ಕುಡಿದ ಸಹೋದ್ಯೋಗಿಗಳು ಏನಾದರೂ ಕೇಳಿದರೆ, ಇದನ್ನು ಯಾಕೆ ಕೇಳಿದರು ಎಂದು ಮನಸ್ಸು ಎಣಿಕೆ ಹಾಕತೊಡಗಿತು.

ಪತ್ರವನ್ನು ಮೂರು ಸಲ ಬರೆದೆ. ಮೊದಲನೆಯದನ್ನು ಓದಿದರೆ ನನಗೇ ಅರ್ಥವಾಗಲಿಲ್ಲ, ಸುತ್ತೋಲೆಯ ಭಾಷೆ. ಮೂರನೆಯದು ಹೀಗಿತ್ತು:

"ಮಾನ್ಯ ಪೋಷಕರೇ, ಆಂತರಿಕ ಮೌಲ್ಯಮಾಪನದ ಇಪ್ಪತ್ತು ಅಂಕಗಳಲ್ಲಿ ಹತ್ತು ಕ್ವಿಜ್‌ಗೆ, ಹತ್ತು ಅಸೈನ್‌ಮೆಂಟ್‌ಗೆ. ಸೆಮಿಸ್ಟರ್‌ನಲ್ಲಿ ಐದು ಕ್ವಿಜ್ ನಡೆಯುತ್ತವೆ, ಪ್ರತಿಯೊಂದಕ್ಕೂ ಹತ್ತು ಅಂಕ. ಐದರಲ್ಲಿ ಅತ್ಯಂತ ಕಡಿಮೆ ಬಂದ ಒಂದನ್ನು ಬಿಟ್ಟು, ಉಳಿದ ನಾಲ್ಕನ್ನು ಕೂಡಿ ನಾಲ್ಕರಿಂದ ಭಾಗಿಸಲಾಗುತ್ತದೆ. ಎರಡು ಅಸೈನ್‌ಮೆಂಟ್‌ಗಳಿವೆ, ಪ್ರತಿಯೊಂದಕ್ಕೂ ಹತ್ತು ಅಂಕ. ಎರಡನ್ನೂ ಕೂಡಿ ಎರಡರಿಂದ ಭಾಗಿಸಲಾಗುತ್ತದೆ. ಹೀಗೆ ಬಂದ ಎರಡು ಅಂಕಗಳ ಮೊತ್ತವೇ ಇಪ್ಪತ್ತಕ್ಕೆ ನಿಮ್ಮ ಮಕ್ಕಳ ಅಂಕ. ಮೊತ್ತದಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಉಳಿದರೆ ಮುಂದಿನ ಪೂರ್ಣ ಅಂಕ ಕೊಡಲಾಗುತ್ತದೆ. ಇದರಲ್ಲಿ ಯಾರ ಇಷ್ಟಾನಿಷ್ಟಕ್ಕೂ ಅವಕಾಶವಿರುವುದಿಲ್ಲ."

ಕೊನೆಯ ವಾಕ್ಯ ಬರೆದಾಗ ನನಗೆ ಸಮಾಧಾನವಾಗಿತ್ತು, ಎಲ್ಲರ ಬಾಯಿಗೂ ಬೀಗ ಹಾಕಿದಂತೆ. ಕೆಳಗೆ ಕತ್ತರಿಸಿ ಕೊಡಲು ಒಂದು ಚೀಟಿ: ಓದಿ ತಿಳಿದುಕೊಂಡಿದ್ದೇವೆ, ಪೋಷಕರ ಸಹಿ.

ನಾಲ್ಕು ದಿನದಲ್ಲಿ ಚೀಟಿಗಳು ವಾಪಸು ಬಂದವು. ಅವುಗಳನ್ನೂ ಅನುಮಾನದಿಂದಲೇ ನೋಡಿದೆ. ಆರು ಚೀಟಿಗಳಲ್ಲಿ ಆರು ಬೇರೆ ಬೇರೆ ಅಪ್ಪಂದಿರ ಸಹಿಗಳು ಒಂದೇ ನೀಲಿ ಜೆಲ್ ಪೆನ್ನಿನಿಂದ, ಒಂದೇ ಓರೆಯಲ್ಲಿದ್ದವು. ಒಂದು ಚೀಟಿ ಮಾತ್ರ ಬರಲೇ ಇಲ್ಲ. ಅದರ ಬದಲು ಅಪ್ಪನೇ ಬಂದರು.

ಬೆಟ್ಟದಪುರದ ಪಕ್ಕದ ಹಳ್ಳಿಯವರು. ಹೊಗೆಸೊಪ್ಪು ಬೆಳೆಯುವ ರೈತರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಚೀಲ. ಹಿಂದೆ ಅವರ ಮಗಳು, ನನ್ನ ವಿದ್ಯಾರ್ಥಿನಿ, ತಲೆ ತಗ್ಗಿಸಿ ನಿಂತಿದ್ದಳು. ಮಾತು ಕಡಿಮೆ, ಮೂರನೇ ಬೆಂಚಿನ ಗೋಡೆ ಬದಿಯಲ್ಲಿ ಕೂರುವ ಹುಡುಗಿ. ಅವಳನ್ನು ನೋಡಿದ ಕೂಡಲೇ ಬ್ಯಾಗಿನಲ್ಲಿದ್ದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡೆ. ಯಾಕೆಂದು ನನಗೆ ಗೊತ್ತಿತ್ತು, ಆದರೆ ಆ ಕ್ಷಣ ಅದನ್ನು ಒಪ್ಪಿಕೊಳ್ಳಲು ನಾನು ಸಿದ್ಧಳಿರಲಿಲ್ಲ.

"ನಾನು ಜಗಳ ಆಡಾಕ್ ಬಂದಿಲ್ಲ ಕಣಮ್ಮ," ಎಂದರು ಅವರು, ನಾನು ಕುರ್ಚಿ ತೋರಿಸಿದರೂ ನಿಂತೇ. "ನೀವು ಕಾಗ್ದ ಕಳ್ಸಿದ್ರಲ್ಲ, ಬಾಳ ಚೆನ್ನಾಗಿ ಬರ್ದಿದ್ದೀರಿ. ಎಸ್ಸೆಲ್ಸಿ ಓದಿರೋ ನನಗೇ ತಿಳೀತು. ಅದ್ರಾಗೆ ಬರ್ದಂಗೇ ಲೆಕ್ಕ ಆಕಿದೆ. ಹೊಂದಕಂತ ಇಲ್ಲ."

"ಯಾರು ಹಾಕಿಸಿದರು ಈ ಲೆಕ್ಕ?" ಎಂದೆ. ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ ಅದು.

ಅವರು ನನ್ನನ್ನೇ ನೋಡಿದರು. "ಯಾರ್ ಆಕಿಸ್ಬೇಕು? ಕೂಡೋದು ಕಳ್ಯೋದು ನಂಗೂ ಬತ್ತದೆ."

ಕೊನೆಗೆ ಕೂತರು. ಚೀಲದಿಂದ ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲೆ ಜೋಡಿಸಿದರು. ಐದು ಕ್ವಿಜ್ ಹಾಳೆಗಳು, ಎರಡು ಅಸೈನ್‌ಮೆಂಟ್ ಪುಸ್ತಕಗಳು, ಮೇಲೆ ನನ್ನ ಪತ್ರ. ಮಡಿಕೆಯ ಗುರುತಿನ ಮೇಲೆ ಪೆನ್ಸಿಲ್ ಗೆರೆಗಳಿದ್ದವು.

"ನೀವೇ ನೋಡಿ. ಮೊದಲ್ನೇದು ಆರು, ಆಮೇಕೆ ಎಂಟು, ಏಳು, ಮೂರು, ಏಳು. ಮೂರು ಬುಟ್ಟಾಕಿದ್ರೆ ಇಪ್ಪತ್ತೆಂಟು. ನಾಕ್ರಿಂದ ಭಾಗಿಸುದ್ರೆ ಏಳು. ಸರೀನಾ?"

"ಸರಿ."

"ಅಸೈನ್‌ಮೆಂಟು ಒಂದ್ರಾಗೆ ಆರು, ಇನ್ನೊಂದ್ರಾಗೆ ಎಂಟು. ಹದ್ನಾಕು. ಎರಡ್ರಿಂದ ಭಾಗಿಸುದ್ರೆ ಏಳು. ಏಳೂ ಏಳೂ ಹದ್ನಾಕು. ಬೋರ್ಡಲ್ಲಿ ಹನ್ನೊಂದು ಅಂತ ಐತಂತೆ. ಆ ಮೂರು ಎಲ್ಲಿಗೋಯ್ತು ಅಂತ ಕೇಳಾಕ್ ಬಂದಿವ್ನಿ, ಅಷ್ಟೇಯ."

ಎರಡನೇ ಅಸೈನ್‌ಮೆಂಟ್‌ನ ರಟ್ಟಿನ ಮೇಲೆ ನನ್ನ ಕೆಂಪು ಶಾಯಿಯ ಎಂಟು ದುಂಡಗೆ ಕೂತಿತ್ತು.

"ರಿಜಿಸ್ಟರ್ ನೋಡಿ ಹೇಳ್ತೀನಿ, ನಾಳೆ ಬನ್ನಿ," ಎಂದೆ.

"ನಾಳೆ ಸೊಪ್ಪು ಅರಾಜಿಗೆ ಓಗ್ಬೇಕು. ಈಗ್ಲೇ ನೋಡಿದ್ರೆ ಆಗಾಕಿಲ್ವಾ? ಇಲ್ಲೇ ಐತಲ್ಲ ಬೀರು."

ಬೀರು ನನ್ನ ಬೆನ್ನ ಹಿಂದೆಯೇ ಇತ್ತು. ರಿಜಿಸ್ಟರ್‌ನಲ್ಲಿ ಏನಿದೆಯೆಂದು ನೋಡಬೇಕಾದ ಅಗತ್ಯ ನನಗಿರಲಿಲ್ಲ. ಎರಡನೇ ಅಸೈನ್‌ಮೆಂಟ್‌ನ ಕಾಲಂನಲ್ಲಿ ಅವಳ ಹೆಸರಿನ ಎದುರು ಎಂಟನ್ನು ಹೊಡೆದು ಎರಡು ಎಂದು ಬರೆದವಳು ನಾನೇ.

ನಡೆದದ್ದು ಇಷ್ಟು. ಎರಡನೇ ಅಸೈನ್‌ಮೆಂಟ್‌ನ ವಿಷಯ, ನಿಮ್ಮ ಸುತ್ತಲಿನ ಯಾವುದಾದರೂ ಮಾರುಕಟ್ಟೆಯಲ್ಲಿ ಬೆಲೆ ಹೇಗೆ ನಿಗದಿಯಾಗುತ್ತದೆ ಎಂಬುದು. ಈ ಹುಡುಗಿ ಹೊಗೆಸೊಪ್ಪಿನ ಹರಾಜಿನ ಬಗ್ಗೆ ಬರೆದಿದ್ದಳು. ಚೆನ್ನಾಗಿತ್ತು, ಎಂಟು ಕೊಟ್ಟು, ಮೊದಲ ಕಂತಿನಲ್ಲಿ ತಿದ್ದಿದ ಪುಸ್ತಕಗಳ ಜೊತೆ ವಾಪಸು ಕೊಟ್ಟಿದ್ದೆ. ಮೂರು ದಿನದ ಮೇಲೆ ಇನ್ನೊಬ್ಬಳ ಪುಸ್ತಕ ತೆರೆದರೆ ಅದೇ ಹರಾಜು, ಅದೇ ಉದಾಹರಣೆ, ಎರಡು ಪುಟ ಅದೇ ವಾಕ್ಯಗಳು. ಆ ಇನ್ನೊಬ್ಬಳು ಇವಳ ಪಕ್ಕದಲ್ಲೇ ಕೂರುವವಳು. ಹುಣಸೂರಿನಲ್ಲೇ ಮನೆ, ಅಪ್ಪ ಹೈಸ್ಕೂಲ್ ಮೇಷ್ಟ್ರು. ಅಕ್ಷರ ಮುತ್ತಿನಂತೆ. ಪ್ರಶ್ನೆ ಕೇಳಿದರೆ ಮೊದಲು ಎದ್ದು ನಿಲ್ಲುವವಳು.

ಪುಸ್ತಕ ಒಪ್ಪಿಸಿದವರ ಸಹಿಯ ಹಾಳೆ ತೆಗೆದು ನೋಡಿದೆ. ಮೇಷ್ಟ್ರ ಮಗಳು ಮಂಗಳವಾರ ಕೊಟ್ಟಿದ್ದಳು, ಇವಳು ಗುರುವಾರ. ಅಷ್ಟು ಸಾಕಾಯಿತು ನನಗೆ. ಆಮೇಲೆ ಕೊಟ್ಟವಳು ನೋಡಿ ಬರೆದಿದ್ದಾಳೆ. ಎಂಟು ಹೊಡೆದೆ, ಎರಡು ಹಾಕಿದೆ. ಅವಳನ್ನು ಕರೆದು ಕೇಳಲಿಲ್ಲ. ಇನ್ನೊಬ್ಬಳಿಗೆ ಪೂರ್ತಿ ಎಂಟು ಕೊಟ್ಟೆ. ಮೊದಲ ಅಸೈನ್‌ಮೆಂಟ್‌ನ ಆರಕ್ಕೆ ಈ ಎರಡು ಸೇರಿದರೆ ಎಂಟು, ಅದರ ಅರ್ಧ ನಾಲ್ಕು. ಕ್ವಿಜ್‌ನ ಏಳರ ಜೊತೆ ಹನ್ನೊಂದು. ಲೆಕ್ಕದಲ್ಲಿ ತಪ್ಪಿರಲಿಲ್ಲ. ನನ್ನ ಪತ್ರದಲ್ಲಿ ಇಲ್ಲದ ಒಂದು ನಿಯಮ ಆ ಲೆಕ್ಕದೊಳಗೆ ಕೂತಿತ್ತು.

ದಿನಾಂಕ ನೋಡಿಯೇ ತೀರ್ಮಾನಿಸಿದೆ ಎಂದು ನಾನು ಬಹಳ ದಿನ ನನಗೆ ಹೇಳಿಕೊಂಡಿದ್ದೇನೆ. ಆದರೆ ದಿನಾಂಕಗಳು ಹಿಂದುಮುಂದಾಗಿದ್ದರೆ, ಮೇಷ್ಟ್ರ ಮಗಳ ಎಂಟನ್ನು ಅಷ್ಟೇ ಸಲೀಸಾಗಿ ಹೊಡೆಯುತ್ತಿದ್ದೆನೇ? ಕರೆದು ಕೇಳುತ್ತಿದ್ದೆ. ಖಂಡಿತ ಕರೆದು ಕೇಳುತ್ತಿದ್ದೆ.

ಬೀರು ತೆಗೆದು ರಿಜಿಸ್ಟರ್ ಅನ್ನು ಅವರ ಮುಂದಿಟ್ಟೆ. ಹೊಡೆದ ಎಂಟು, ಪಕ್ಕದಲ್ಲಿ ಎರಡು. ಅವರು ಅದನ್ನು ಬಹಳ ಹೊತ್ತು ನೋಡಿದರು.

"ನಿಮ್ಮ ಮಗಳು ಇದನ್ನ ನೋಡಿ ಬರೆದಿದ್ದಾಳೆ," ಎಂದೆ. "ಇನ್ನೊಬ್ಬಳು ಬರೆದದ್ದೂ ಇವಳು ಬರೆದದ್ದೂ ಒಂದೇ. ಅದಕ್ಕೆ ಕಮ್ಮಿ ಮಾಡಿದ್ದೀನಿ."

ಹುಡುಗಿ ತಲೆ ಎತ್ತಿದಳು. ಕಣ್ಣು ತುಂಬಿತ್ತು.

ಅಪ್ಪ ಅವಳ ಕಡೆ ತಿರುಗಿ, "ನೋಡ್ಕಂಡ್ ಬರ್ದಾ? ನಿಜ ಏಳು. ಬರ್ದಿದ್ರೆ ಇಲ್ಲೇ ಒಪ್ಕ, ಓಗವ," ಎಂದರು.

"ಇಲ್ಲ ಕಣಪ್ಪ. ನಾನೇ ಬರ್ದಿದ್ದು. ಅವಳು ಕೇಳಿದ್ಳು ಅಂತ ಶನಿವಾರ ಬುಕ್ ಕೊಟ್ಟಿದ್ದೆ. ಬುಧವಾರ ಸಾಯಂಕಾಲ ವಾಪಸ್ ಕೊಟ್ಟಳು."

ಅವರು ನನ್ನ ಕಡೆ ನೋಡಿದರು. ದನಿ ಏರಿಸಲಿಲ್ಲ. "ಯಾರ್ ಬರ್ದೋರು, ಯಾರ್ ನೋಡಿದೋರು ಅಂತ ಇಬ್ರುನ್ನೂ ಕೂರಿಸ್ಕಂಡು ಕೇಳುದ್ರಾ ಮೇಡಮ್ಮಾರೆ?"

ನಾನು ರಿಜಿಸ್ಟರ್ ಮುಚ್ಚಲು ಹೋದೆ. ಅವರು ಅದರ ಮೇಲೆ ಬೆರಳಿಟ್ಟರು.

"ಅರಾಜಲ್ಲಿ ನಮ್ ಸೊಪ್ಪಿನ ಬೇಲ್‌ಗೆ ಯಾವ ಗ್ರೇಡು ಆಕಿದ್ರು, ಎಷ್ಟು ಬೆಲೆ ಕೂಗಿದ್ರು ಅಂತ ನನ್ ಎದ್ರುಗೇ ಗೊತ್ತಾಯ್ತದೆ. ಒಪ್ಪದೇ ಇದ್ರೆ ಬ್ಯಾಡ ಅಂತೀನಿ, ಬೇಲ್ ವಾಪಸ್ ತತ್ತೀನಿ. ಇಲ್ಲಿ ನನ್ ಮಗ್ಳಿಗೆ ಕಳ್ಳಿ ಅನ್ನೋ ಗ್ರೇಡ್ ಆಕಿದ್ದೀರಿ, ಅವಳ್ಗೇ ಗೊತ್ತಿಲ್ಲ."

ಆಗಲೂ ನನ್ನ ಅನುಮಾನ ಪೂರ್ತಿ ಹೋಗಿರಲಿಲ್ಲ ಎಂಬುದನ್ನು ಹೇಳಬೇಕು. ಬುಧವಾರದ ಕತೆಯನ್ನು ದಾರಿಯಲ್ಲಿ ಬರುವಾಗ ಬಸ್ಸಿನಲ್ಲೇ ಕಟ್ಟಿದ್ದರೆ? ಅಪ್ಪ ಮಗಳಿಗೆ ಕೇಳಿದ ರೀತಿಯೂ ಮೊದಲೇ ಮಾತಾಡಿಕೊಂಡದ್ದಾಗಿದ್ದರೆ? ಪ್ರಾಂಶುಪಾಲರ ಬಳಿ ಹೋಗಿ ಎಲ್ಲ ಹೇಳಿದೆ. ಎರಡು ಹಾಕಿದ್ದನ್ನೂ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಪೋರ್ಟಲ್‌ಗೆ ಹಾಕಿಬಿಟ್ರಾ?"

"ಇಲ್ಲ ಸಾರ್. ಇನ್ನೂ ಒಂದು ವಾರ ಟೈಮ್ ಇದೆ."

"ದೇವರು ದೊಡ್ಡವನು. ಒಂದ್ಸಲ ಹೋಗಿ ಲಾಕ್ ಆದ್ರೆ ತಿದ್ದಿಸೋಕೆ ನಾನು ಕಾಗದ ಹಿಡ್ಕೊಂಡು ಮೈಸೂರಿಗೆ ಅಲೀಬೇಕಿತ್ತು." ಆಮೇಲೆ ತಗ್ಗಿದ ದನಿಯಲ್ಲಿ, "ಆ ಮನುಷ್ಯ ಯಾವ ಪಾರ್ಟಿಯವನು, ಗೊತ್ತಾ?" ಎಂದರು.

"ಹೊಗೆಸೊಪ್ಪು ಬೆಳೆಯೋರು ಸಾರ್," ಎಂದೆ. ಬೇರೆ ಏನು ಹೇಳಬೇಕೆಂದು ತೋಚಲಿಲ್ಲ.

ಎರಡು ದಿನದ ಮೇಲೆ ಇಬ್ಬರು ಹುಡುಗಿಯರನ್ನೂ ಬೇರೆ ಬೇರೆಯಾಗಿ ಪ್ರಾಂಶುಪಾಲರ ಎದುರಿಗೆ ಕರೆದು, ಅವರವರ ಪುಸ್ತಕದಿಂದಲೇ ಇಬ್ಬರಿಗೂ ಅವೇ ಐದು ಪ್ರಶ್ನೆ ಕೇಳಿದೆ. ಮೊದಲು ಮೇಷ್ಟ್ರ ಮಗಳು. ಬೇಡಿಕೆ, ಪೂರೈಕೆ ಎಂದು ಪುಸ್ತಕದ ವ್ಯಾಖ್ಯೆಗಳನ್ನು ಸರಾಗವಾಗಿ ಹೇಳಿದಳು. "ಸೊಪ್ಪಿನಲ್ಲಿ ತೇವ ಜಾಸ್ತಿಯಿದ್ದರೆ ಬೆಲೆ ಬೀಳುತ್ತದೆ ಎಂದು ಬರೆದಿದ್ದೀಯ, ಯಾಕೆ?" ಎಂದೆ. ಸುಮ್ಮನಾದಳು. "ಕೂಗಿದ ಬೆಲೆ ಒಪ್ಪದಿದ್ದರೆ ಬೇಡ ಎನ್ನುವ ಹಕ್ಕು ಯಾರಿಗೆ?" ಎಂದೆ. "ಕಂಪನಿಯವರಿಗೆ," ಎಂದಳು. ಅವಳ ಪುಸ್ತಕದಲ್ಲೇ ರೈತರಿಗೆ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು.

ಆಮೇಲೆ ರೈತರ ಮಗಳು ಬಂದಳು. ನಿಂತುಕೊಂಡೇ ಹೇಳಿದಳು. ಮೊದಲು ತಡವರಿಸಿದಳು, ಆಮೇಲೆ ಮಾತು ಹರಿಯಿತು. ತೇವ ಇದ್ದರೆ ಸೊಪ್ಪು ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತೆ, ತೂಕವೂ ಸುಳ್ಳು ಬರುತ್ತೆ, ಅದಕ್ಕೆ ಕೊಳ್ಳುವವರು ಹಿಂಜರಿಯುತ್ತಾರೆ ಎಂದಳು. ಬೆಳೆಯುವವರು ಸಾವಿರಾರು ಜನ, ಕೊಳ್ಳುವವರು ಬೆರಳೆಣಿಕೆಯಷ್ಟು, ಆದ್ದರಿಂದ ಬೇಡ ಎನ್ನುವ ಹಕ್ಕು ರೈತನಿಗಿದ್ದರೂ ಅದನ್ನು ಎಷ್ಟು ಸಲ ಅನ್ನಲು ಸಾಧ್ಯ ಎಂದಳು. ಬ್ಯಾರನ್ ಎಂಬ ಒಲೆಮನೆಯಲ್ಲಿ ಸೊಪ್ಪು ಬೇಯಿಸುವಾಗ ಒಂದು ರಾತ್ರಿ ಬೆಂಕಿ ಹೆಚ್ಚುಕಡಿಮೆಯಾದರೆ ಬಣ್ಣ ಕೆಟ್ಟು ಗ್ರೇಡೇ ಇಳಿಯುತ್ತದೆ ಎಂದು, ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸಿದಳು. ಪ್ರಾಂಶುಪಾಲರು ಪೆನ್ನನ್ನು ಮೇಜಿನ ಮೇಲಿಟ್ಟು ಕೇಳುತ್ತಿದ್ದರು.

ಮೇಷ್ಟ್ರ ಮಗಳನ್ನು ಮತ್ತೆ ಕರೆದಾಗ, ನಾನು ಬಾಯಿ ತೆರೆಯುವ ಮೊದಲೇ ಅವಳು ಅತ್ತಳು. ಮನೆಯಲ್ಲಿ ನೆಂಟರಿದ್ದರು, ಟೈಮ್ ಸಿಗಲಿಲ್ಲ, ನೋಡಿ ಬರೆದೆ ಎಂದಳು. ಅವಳು ಕೆಟ್ಟ ಹುಡುಗಿಯಲ್ಲ. ಗೆಳತಿಯ ಅಂಕ ಇದರಿಂದ ಕಡಿಮೆಯಾಗಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲವಲ್ಲ.

ರೈತರ ಮಗಳ ಎರಡನ್ನು ಹೊಡೆದು ಎಂಟು ಬರೆದೆ, ಪಕ್ಕದಲ್ಲಿ ಸಹಿ ಹಾಕಿದೆ. ಹದಿನಾಲ್ಕಾಯಿತು. ಮೇಷ್ಟ್ರ ಮಗಳಿಗೆ ಬೇರೆ ವಿಷಯ ಕೊಟ್ಟು ಎರಡು ದಿನದಲ್ಲಿ ಮತ್ತೆ ಬರೆಸಿದೆ, ಐದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಷರತ್ತಿನ ಮೇಲೆ, ನಾಲ್ಕು ಬಂತು. ಅವಳ ಒಟ್ಟು ಹದಿನೇಳಿದ್ದದ್ದು ಹದಿನೈದಕ್ಕೆ ಇಳಿಯಿತು. ಆ ಸಂಜೆ ಕೂತು ಇಡೀ ತರಗತಿಯ ರಿಜಿಸ್ಟರ್ ಅನ್ನು ನನ್ನ ಪತ್ರ ಪಕ್ಕದಲ್ಲಿಟ್ಟುಕೊಂಡು ಮತ್ತೆ ಕೂಡಿದೆ. ಇನ್ನೊಬ್ಬ ಹುಡುಗನಿಗೆ ಐದನೇ ಕ್ವಿಜ್‌ನ ಅಂಕವನ್ನೇ ಏರಿಸಿರಲಿಲ್ಲ. ಅದು ಬರೀ ಮರೆವು. ಅವನ ಮನೆಯಿಂದ ಸಹಿ ಮಾಡಿದ ಚೀಟಿ ಬಂದಿತ್ತು, ಓದಿ ತಿಳಿದುಕೊಂಡಿದ್ದೇವೆ ಎಂದು.

ಪೋರ್ಟಲ್ ಮುಚ್ಚುವ ಹಿಂದಿನ ದಿನ ಹೈಸ್ಕೂಲ್ ಮೇಷ್ಟ್ರು ಬಂದರು. ಅವರಿಗೂ ಅನುಮಾನ.

"ಮೇಡಂ, ನಾನೂ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಅಂಕ ಹಾಕೋನೇ. ಹಾಕಿದ ಅಂಕ ಸುಮ್ಮಸುಮ್ಮನೆ ಇಳಿಯಲ್ಲ. ನಿಮಗೆ ಯಾರ ಒತ್ತಡ ಬಂತು ಹೇಳಿ, ನಾನು ಮಾತಾಡ್ತೀನಿ."

"ಒತ್ತಡ ಯಾರದೂ ಇಲ್ಲ ಸಾರ್. ಎರಡೂ ಪುಸ್ತಕ ಇಲ್ಲೇ ಇವೆ. ಓದಿ ನೋಡಿ."

ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರು. ಎರಡನೇ ಪುಟಕ್ಕೆ ಬಂದಾಗ ಕನ್ನಡಕ ತೆಗೆದರು. "ಹಾಗಾದ್ರೆ ಮೊದಲು ಹದಿನೇಳು ಯಾಕೆ ಕೊಟ್ರಿ?" ಎಂದರು.

"ನಿಮ್ಮ ಮಗಳು ನೋಡಿ ಬರೆಯಲ್ಲ ಅಂದ್ಕೊಂಡೆ," ಎಂದೆ.

ಅವರು ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದರು. ಆ ಮಾತಿನಲ್ಲಿ ಅವರಿಗೆ ಏನು ಕೇಳಿಸಿತೋ ಗೊತ್ತಿಲ್ಲ. ನನಗೆ ಮಾತ್ರ, ಇನ್ನೊಬ್ಬಳಾದರೆ ನೋಡಿ ಬರೆಯುತ್ತಾಳೆ ಎಂದುಕೊಂಡ ನನ್ನದೇ ದನಿ ಕೇಳಿಸಿತು.

ಮುಂದಿನ ಸೆಮಿಸ್ಟರ್‌ಗೆ ಪತ್ರವನ್ನು ಮತ್ತೆ ಬರೆದೆ, ಈ ಸಲ ಶುರುವಿನಲ್ಲೇ ಕಳಿಸಲು. ಇಷ್ಟಾನಿಷ್ಟಕ್ಕೆ ಅವಕಾಶವಿಲ್ಲ ಎಂಬ ವಾಕ್ಯ ತೆಗೆದೆ. ನಕಲು ಎಂಬ ಅನುಮಾನ ಬಂದರೆ ಇಬ್ಬರನ್ನೂ ಕರೆದು ಅವರ ಬರಹದ ಮೇಲೆ ಪ್ರಶ್ನೆ ಕೇಳಲಾಗುತ್ತದೆ, ಕೇಳದೆ ಅಂಕ ಕಡಿಮೆ ಮಾಡುವುದಿಲ್ಲ ಎಂದು ಸೇರಿಸಿದೆ. ಪೋರ್ಟಲ್‌ಗೆ ತುಂಬುವ ಮೊದಲು ಪ್ರತಿ ವಿದ್ಯಾರ್ಥಿಯೂ ಐದು ಕ್ವಿಜ್, ಎರಡು ಅಸೈನ್‌ಮೆಂಟ್‌ಗಳ ಅಂಕಗಳನ್ನು ಬಿಡಿಬಿಡಿಯಾಗಿ ನೋಡಿ ರಿಜಿಸ್ಟರ್‌ನಲ್ಲಿ ಸಹಿ ಮಾಡಬೇಕು ಎಂದೂ ಬರೆದೆ. ಪ್ರಾಂಶುಪಾಲರು ಓದಿ, "ಇಷ್ಟೆಲ್ಲ ಬಿಡಿಸಿ ಹೇಳಿದ್ರೆ ಇನ್ನೂ ಅನುಮಾನ ಪಡ್ತಾರೆ ಮೇಡಂ," ಎಂದರು. ಪಡಲಿ ಸಾರ್ ಎಂದೆ. ಸಹಿ ಹಾಕಿದರು.

ಹದಿನಾಲ್ಕಾದ ಸುದ್ದಿಯನ್ನು ನಾನೇ ಫೋನ್ ಮಾಡಿ ಆ ರೈತರಿಗೆ ತಿಳಿಸಿದ್ದೆ. ತಪ್ಪಾಯಿತು ಎಂದೂ ಹೇಳಿದೆ. "ಆಯ್ತು ಬುಡಿ. ಅವಳ್ಗೂ ಒಂದ್ ಮಾತ್ ಏಳ್ಬುಡಿ," ಎಂದರು.

ಹೇಳಿದೆ. ತರಗತಿ ಮುಗಿದ ಮೇಲೆ ಅವಳನ್ನು ನಿಲ್ಲಿಸಿಕೊಂಡು, ಕೇಳದೆಯೇ ನಿನ್ನನ್ನು ಅನುಮಾನಿಸಿದೆ, ತಪ್ಪು ನನ್ನದು ಎಂದೆ. ಅವಳು "ಪರವಾಗಿಲ್ಲ ಮೇಡಂ" ಎಂದಳು, ಆದರೆ ನಗಲಿಲ್ಲ. ಮೇಷ್ಟ್ರ ಮಗಳ ಪಕ್ಕದಿಂದ ಎದ್ದು ಅವಳು ಹಿಂದಿನ ಬೆಂಚಿಗೆ ಹೋಗಿದ್ದಳು. ಅವರಿಬ್ಬರ ಗೆಳೆತನ ಮತ್ತೆ ಕೂಡಿತೋ ಇಲ್ಲವೋ ನಾನು ಕೇಳಲಿಲ್ಲ.

ಈಗ ಅವಳು ಕೊನೆಯ ವರ್ಷ. ಪ್ರತಿ ಕ್ವಿಜ್ ಆದ ಮೇಲೆ ಸ್ಟಾಫ್ ರೂಮಿಗೆ ಬಂದು, "ಮೇಡಂ, ರಿಜಿಸ್ಟರ್ ನೋಡ್ಬೋದಾ?" ಎನ್ನುತ್ತಾಳೆ. ಬೇರೆ ಯಾರೂ ಹಾಗೆ ಬರುವುದಿಲ್ಲ; ಕೊನೆಯಲ್ಲಿ ಒಮ್ಮೆ ಬಂದು ನೋಡಿಯೂ ನೋಡದೆ ಸಹಿ ಗೀಚಿ ಹೋಗುತ್ತಾರೆ. ಇವಳು ತನ್ನ ಹೆಸರಿನ ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಕೈಯಲ್ಲಿರುವ ಹಾಳೆಯ ಅಂಕಕ್ಕೂ ನನ್ನ ಅಂಕಕ್ಕೂ ತಾಳೆ ನೋಡುತ್ತಾಳೆ. ಮೊನ್ನೆ ಏಳನ್ನು ನಾನು ಅವಸರದಲ್ಲಿ ಒಂದರಂತೆ ಬರೆದಿದ್ದೆ. "ಇದು ಏಳಾ, ಒಂದಾ ಮೇಡಂ?" ಎಂದಳು. ಏಳು ಎಂದೆ. ಅವಳು ಅಲ್ಲಿಂದ ಕದಲಲಿಲ್ಲ. ಪೆನ್ನು ತೆಗೆದು ಅದನ್ನು ಸ್ಪಷ್ಟವಾಗಿ ತಿದ್ದಿ ಬರೆದೆ. ಆಮೇಲೆ ಹೋದಳು.